ಒಂದು ಕ್ವಾರ್ಟರ್, ಐದು ಗ್ರಾಂ ಕ್ರಿಯೇಟಿನ್ ಮತ್ತು ಅಳತೆಯ ಮಗ್

ಹೋದ ಮಳೆಗಾಲದ ಒಂದು ಸೋಮವಾರ ಬೆಳಗಿನ ಜಾವ ನನ್ನನ್ನು ಎಬ್ಬಿಸಿದ್ದು ಅಲಾರಂ ಅಲ್ಲ, ಬಲಗಾಲಿನ ಮೀನಖಂಡ. ಕಲ್ಲಿನಂತೆ ಬಿಗಿದುಕೊಂಡಿತ್ತು. ಹಾಸಿಗೆಯ ಮೇಲೆ ಕುಳಿತು ಹೆಬ್ಬೆರಳನ್ನು ಮೇಲಕ್ಕೆ ಎಳೆದುಕೊಳ್ಳುತ್ತಾ ಹಿಂದಿನ ಮೂರು ದಿನಗಳ ಲೆಕ್ಕ ಹಾಕಿದೆ. ಶುಕ್ರವಾರ ತೀರ್ಥಹಳ್ಳಿಯ ಕಡೆ ಸ್ನೇಹಿತನ ತೋಟದ ಮನೆಗೆ ಹೋಗಿದ್ದೆವು. ಹೊರಗೆ ಬಿಡದ ಮಳೆ, ಒಳಗೆ ಎರಡು ರಾತ್ರಿಯ ಬಾಟಲಿ ಸೇವೆ. ಭಾನುವಾರ ರಾತ್ರಿ ತಡವಾಗಿ ಶಿವಮೊಗ್ಗಕ್ಕೆ ಬಂದವನಿಗೆ, ಸ್ನಾಯುಬಲಕ್ಕೆಂದು ದಿನವೂ ಐದು ಗ್ರಾಂ ತೆಗೆದುಕೊಳ್ಳುವ ಕ್ರಿಯೇಟಿನ್ ಪುಡಿ ತಪ್ಪಿಹೋಯಿತಲ್ಲ ಎಂಬ ಅಪರಾಧಿ ಭಾವ. ಮೂರು ದಿನದ್ದನ್ನು ಸೇರಿಸಿ ಹದಿನೈದು ಗ್ರಾಂ ಪುಡಿಯನ್ನು ಅರ್ಧ ಲೋಟ ನೀರಿಗೆ ಕಲಸಿ ಕುಡಿದಿದ್ದೆ. ನಡುರಾತ್ರಿಯೊಳಗೆ ನಾಲ್ಕು ಬಾರಿ ಭೇದಿಯಾಯಿತು. ಆಮೇಲೆ ಈ ಸೆಳೆತ.

ನಾನು ಊರಿನಲ್ಲಿ ಒಂದು ಸಣ್ಣ ಜಿಮ್ ನಡೆಸುತ್ತೇನೆ. ಆ ದಿನ ನನ್ನ ಕುಂಟು ನಡಿಗೆ ನೋಡಿದ ಹುಡುಗರು ಒಂದೇ ತೀರ್ಪು ಕೊಟ್ಟರು: "ಕ್ರಿಯೇಟಿನ್ ಮೈಯ ನೀರನ್ನೆಲ್ಲ ಹೀರುತ್ತದೆ ಸರ್, ಅದರ ಮೇಲೆ ಎಣ್ಣೆ ಹಾಕಿದರೆ ಇನ್ನೇನಾಗುತ್ತದೆ?" ನಾಚಿಕೆಯ ಸಂಗತಿಯೆಂದರೆ ಈ ಮಾತನ್ನು ಅವರಿಗೆ ಹೇಳಿಕೊಟ್ಟವನು ನಾನೇ. ಯಾರಿಂದಲೋ ಕೇಳಿದ್ದನ್ನು ವರ್ಷಗಟ್ಟಲೆ ದಾಟಿಸುತ್ತಾ ಬಂದಿದ್ದೆ.

ಕುಳಿತು ಓದಿದಾಗ ಮೊದಲು ಬಿದ್ದುಹೋದದ್ದು ತಪ್ಪಿದ ದಿನಗಳ ಭಯ. ಎಪ್ಪತ್ತು ಕಿಲೋ ತೂಕದ ಮನುಷ್ಯನ ಮೈಯಲ್ಲಿ ಸುಮಾರು 120 ಗ್ರಾಂ ಕ್ರಿಯೇಟಿನ್ ಇರುತ್ತದೆ, ಬಹುಪಾಲು ಸ್ನಾಯುಗಳಲ್ಲಿ. ದಿನಕ್ಕೆ ಖರ್ಚಾಗುವುದು ಎರಡು ಗ್ರಾಂ ಆಸುಪಾಸು. ಪುಡಿ ನಿಲ್ಲಿಸಿದರೂ ತುಂಬಿದ ಸಂಗ್ರಹ ಮೊದಲಿನ ಮಟ್ಟಕ್ಕೆ ಇಳಿಯಲು ನಾಲ್ಕರಿಂದ ಆರು ವಾರ ಬೇಕು. ಎರಡು ದಿನ ಬಿಟ್ಟರೆ ಕಣಜದಿಂದ ಒಂದು ಹಿಡಿ ತೆಗೆದಷ್ಟೇ. ಅದನ್ನು ಒಂದೇ ರಾತ್ರಿಯಲ್ಲಿ ತುಂಬಿಸಲು ಹೋದದ್ದೇ ನನ್ನ ತಪ್ಪು. ಒಮ್ಮೆಗೆ ಅಷ್ಟು ಪುಡಿ ಹೋದಾಗ ಹೀರಲ್ಪಡದ ಭಾಗ ಕರುಳಿನಲ್ಲೇ ಉಳಿದು ಸುತ್ತಲಿನ ನೀರನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಭೇದಿ ಬಂದದ್ದು ಹಾಗೆ. ಕುಡಿತದಿಂದ ಮೊದಲೇ ಕೆಟ್ಟ ಹೊಟ್ಟೆಗೆ ಅದು ಇನ್ನಷ್ಟು ಸುಲಭವಾಯಿತು.

ಹಾಗಾದರೆ ಕ್ರಿಯೇಟಿನ್ ನೀರು ಎಳೆಯುವುದು ಸುಳ್ಳೇ? ಸುಳ್ಳಲ್ಲ. ಸ್ನಾಯುಕೋಶದೊಳಗೆ ಅದು ಹೆಚ್ಚಾದಂತೆ ನೀರೂ ಜೊತೆಗೆ ಒಳಸೇರುತ್ತದೆ. ದಿನಕ್ಕೆ ಇಪ್ಪತ್ತು ಗ್ರಾಂನಂತೆ ಶುರುಮಾಡಿದವರು ಮೊದಲ ವಾರದಲ್ಲಿ ಒಂದೆರಡು ಕಿಲೋ ತೂಗುವುದು ಈ ನೀರಿನಿಂದಲೇ. ಆದರೆ ಅದು ಮೈಯಿಂದ ಆಚೆ ಹೋದ ನೀರಲ್ಲ, ಮೈಯೊಳಗೇ ಉಳಿದದ್ದು. ಸೆಖೆಯಲ್ಲಿ ವ್ಯಾಯಾಮ ಮಾಡಿಸಿ ಅಳೆದ ಪ್ರಯೋಗಗಳಲ್ಲಿಯೂ ಕ್ರಿಯೇಟಿನ್ ತೆಗೆದುಕೊಂಡವರಿಗೆ ನಿರ್ಜಲೀಕರಣವಾಗಲೀ ಸೆಳೆತವಾಗಲೀ ಹೆಚ್ಚಾಗಿಲ್ಲ. ಮದ್ಯದ ದಾರಿಯೇ ಬೇರೆ. ಮೂತ್ರಪಿಂಡಕ್ಕೆ 'ನೀರನ್ನು ಹಿಡಿದಿಟ್ಟುಕೋ' ಎಂದು ಹೇಳುವ ವಾಸೊಪ್ರೆಸಿನ್ ಎಂಬ ಹಾರ್ಮೋನು ಮಿದುಳಿನ ಬುಡದ ಗ್ರಂಥಿಯಿಂದ ಬರುತ್ತದೆ. ರಕ್ತದಲ್ಲಿ ಮದ್ಯ ಏರುತ್ತಿರುವಾಗ ಅದರ ಬಿಡುಗಡೆ ತಗ್ಗುತ್ತದೆ, ಮೂತ್ರಪಿಂಡ ಕೈಸಡಿಲ ಬಿಡುತ್ತದೆ. ಹತ್ತು ಗ್ರಾಂ ಮದ್ಯಸಾರಕ್ಕೆ ಸುಮಾರು ನೂರು ಮಿಲಿ ಹೆಚ್ಚುವರಿ ಮೂತ್ರ ಎಂಬುದು ಹಳೆಯ ಅಂದಾಜು. ನಮ್ಮ 42.8 ಪ್ರತಿಶತದ ವಿಸ್ಕಿಯಲ್ಲಿ ಮೂವತ್ತು ಮಿಲಿಯ ಒಂದು ಪೆಗ್ ಎಂದರೆ ಹತ್ತು ಗ್ರಾಂ. 180 ಮಿಲಿಯ ಕ್ವಾರ್ಟರ್‌ಗೆ ಅರವತ್ತು ಗ್ರಾಂ.

ಕ್ರಿಯೇಟಿನ್ ಮತ್ತು ಮದ್ಯವನ್ನು ಒಟ್ಟಿಗೆ ಕೊಟ್ಟು ಮನುಷ್ಯರ ನೀರಿನ ಲೆಕ್ಕ ನೋಡಿದ ಪ್ರಯೋಗ ನನಗೆ ಸಿಗಲಿಲ್ಲ. ಆದ್ದರಿಂದ ನನ್ನ ಮೇಲೆ ನಾನೇ ಮೂರು ಶನಿವಾರ ಅಳೆದೆ. ಮೂರೂ ರಾತ್ರಿ ಒಂದೇ ಊಟ: ಅನ್ನ, ಸಾರು, ಒಂದು ಮೊಟ್ಟೆ. ಸಂಜೆ ಎಂಟರಿಂದ ಮಲಗುವವರೆಗೆ ಎಲ್ಲ ಸೇರಿ ಒಂದೂವರೆ ಲೀಟರ್ ದ್ರವ. ಬೆಳಿಗ್ಗೆ ಆರರವರೆಗೆ ಹೋದದ್ದನ್ನೆಲ್ಲ ಪ್ಲಾಸ್ಟಿಕ್ ಅಳತೆಯ ಮಗ್‌ನಲ್ಲಿ ಹಿಡಿದು ಬರೆದಿಟ್ಟೆ. (ಆ ಮಗ್ ಈಗ ಬಚ್ಚಲುಮನೆಯಿಂದ ಆಚೆ ಬರುವಂತಿಲ್ಲ, ಮನೆಯವಳ ಕಟ್ಟಪ್ಪಣೆ.) ದಿನಕ್ಕೆ ಐದು ಗ್ರಾಂ ಕ್ರಿಯೇಟಿನ್ ನಡೆಯುತ್ತಿದ್ದ, ಮದ್ಯ ಮುಟ್ಟದ ರಾತ್ರಿ 900 ಮಿಲಿ ಬಂತು. ಕ್ರಿಯೇಟಿನ್ ಜೊತೆಗೆ ಒಂದು ಕ್ವಾರ್ಟರ್ ಇಳಿಸಿದ ರಾತ್ರಿ 1,420. ಆಮೇಲೆ ಆರು ವಾರ ಪುಡಿಯನ್ನು ಪೂರ್ತಿ ನಿಲ್ಲಿಸಿ ಮತ್ತೆ ಒಂದು ಕ್ವಾರ್ಟರ್ ಕುಡಿದ ರಾತ್ರಿ 1,380. ಅರ್ಧ ಲೀಟರ್‌ನಷ್ಟು ನೀರನ್ನು ಹೊರಹಾಕಿದ್ದು ಬಾಟಲಿ. ಡಬ್ಬಿಯ ಪಾಲಿಗೆ ಉಳಿದ ನಲವತ್ತು ಮಿಲಿ ನನ್ನ ಮಗ್‌ನ ಗೆರೆಗಳ ನಡುವೆಯೇ ಕಳೆದುಹೋಗುವಷ್ಟು. ಒಬ್ಬನ ಮೈ, ಒಂದೊಂದೇ ರಾತ್ರಿ. ಇದರಿಂದ ಊರಿಗೆಲ್ಲ ನಿಯಮ ಬರೆಯಲು ಬಾರದು. ನನ್ನ ಹಳೆಯ ಮಾತನ್ನು ಹಿಂತೆಗೆದುಕೊಳ್ಳಲು ಮಾತ್ರ ಸಾಕಾಯಿತು.

ಅಳೆಯುವಾಗ ಇನ್ನೊಂದು ಕಂಡಿತು. ಹೆಚ್ಚಿನ ಮೂತ್ರವೆಲ್ಲ ಮೊದಲ ಮೂರು ನಾಲ್ಕು ಗಂಟೆಗಳಲ್ಲೇ, ತಿಳಿನೀರಿನಂತೆ ಹೋಯಿತು. ಬೆಳಗಿನ ಹೊತ್ತಿಗೆ ಸ್ವಲ್ಪವೇ, ಗಾಢ ಹಳದಿ. ಮದ್ಯ ಇಳಿದ ಮೇಲೆ ಹಾರ್ಮೋನು ಮತ್ತೆ ಕೆಲಸಕ್ಕೆ ಬಂದಿದೆ, ಮೈ ನೀರನ್ನು ಹಿಡಿದಿಡುತ್ತಿದೆ ಎಂದು ಅದರ ಅರ್ಥ. ಆಗ ಕುಡಿದ ನೀರು ಉಳಿಯುತ್ತದೆ. ಆದರೆ ಬಾಯಾರಿಕೆ ತೀರಿದರೂ ತಲೆನೋವು ಹೋಗಲಿಲ್ಲ. ಹ್ಯಾಂಗೋವರ್‌ನಲ್ಲಿ ನೀರಿನ ಕೊರತೆ ಒಂದು ಪಾಲು ಮಾತ್ರ. ಕೆಟ್ಟ ನಿದ್ದೆ, ಮದ್ಯ ಒಡೆದಾಗ ಹುಟ್ಟುವ ವಸ್ತುಗಳು, ಮೈಯೊಳಗಿನ ಉರಿಯೂತ ಇವೆಲ್ಲ ನೀರಿಗೆ ಬಗ್ಗುವುದಿಲ್ಲ. ಕ್ರಿಯೇಟಿನ್‌ಗೂ ಬಗ್ಗುವುದಿಲ್ಲ. ಕುಡಿಯುವ ಮೊದಲು ಒಂದು ಸ್ಕೂಪ್ ಹಾಕಿದರೆ ರಕ್ಷಣೆ ಎಂದು ನಂಬುವ ಹುಡುಗರಿದ್ದಾರೆ, ಅದು ಶುದ್ಧ ಬುರುಡೆ.

ಮಲೆನಾಡಿನಲ್ಲಿ ಮೋಸ ಹೋಗುವುದು ಚಳಿಯಿಂದ. ಮಳೆಯಲ್ಲಿ ಬೆವರು ಕಾಣುವುದಿಲ್ಲ, ಬಾಯಾರಿಕೆ ಅಷ್ಟಾಗಿ ಎನಿಸುವುದಿಲ್ಲ, ಇಡೀ ದಿನ ಕಾಫಿಯಲ್ಲೇ ಕಳೆಯುತ್ತದೆ. ಅದಕ್ಕೆ ಈಗ ಕುಡಿದ ಮರುದಿನ ಬೆಳಿಗ್ಗೆ ಮೊದಲು ನೀರು, ಆಮೇಲೆ ಕುಚ್ಚಲಕ್ಕಿ ಗಂಜಿಗೆ ಉಪ್ಪು, ಪಕ್ಕಕ್ಕೆ ಅಪ್ಪೆಮಿಡಿ. ಬರೀ ನೀರು ಬೇಗ ಹೊರಟುಹೋಗುತ್ತದೆ, ಉಪ್ಪಿದ್ದರೆ ನಿಲ್ಲುತ್ತದೆ. ಭೇದಿಯೋ ವಾಂತಿಯೋ ಆಗಿದ್ದರೆ ಒಆರ್‌ಎಸ್, ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ; ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್. ಕ್ರಿಯೇಟಿನ್ ಎಂದಿನ ಐದು ಗ್ರಾಂ, ಊಟದ ಜೊತೆ, ದೊಡ್ಡ ಲೋಟ ನೀರಿನಲ್ಲಿ. ಹೊಟ್ಟೆ ಸರಿಯಿಲ್ಲದಿದ್ದರೆ ಆ ದಿನ ಬೇಡ, ಮರುದಿನ ದುಪ್ಪಟ್ಟೂ ಬೇಡ.

ಭಾರ ಎತ್ತುವುದನ್ನು ಮಂಗಳವಾರಕ್ಕೆ ತಳ್ಳುತ್ತೇನೆ. ಹೆಚ್ಚು ಕುಡಿದು, ನೀರು ಕಡಿಮೆಯಾಗಿ, ಅದರ ಮೇಲೆ ವಿಪರೀತ ವ್ಯಾಯಾಮ ಸೇರಿದರೆ ಸ್ನಾಯುಗಳೇ ಒಡೆದು ಅವುಗಳ ಅಂಶ ಮೂತ್ರಪಿಂಡಕ್ಕೆ ಹೊರೆಯಾಗುವ ಅಪಾಯವಿದೆ. ಮೈಕೈ ತೀವ್ರ ನೋವಿನ ಜೊತೆ ಮೂತ್ರ ಕಪ್ಪು ಕಾಫಿಯ ಬಣ್ಣಕ್ಕೆ ತಿರುಗಿದರೆ ಗಂಜಿ ಕುಡಿಯುತ್ತಾ ಕೂರಬಾರದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇಂಥ ಸೋಮವಾರಗಳಂದು ರಕ್ತಪರೀಕ್ಷೆಯನ್ನೂ ನಾನು ಮಾಡಿಸುವುದಿಲ್ಲ. ಒಮ್ಮೆ ಮಾಡಿಸಿ, ಮೂತ್ರಪಿಂಡದ ಸ್ಥಿತಿ ತಿಳಿಯಲು ನೋಡುವ ಕ್ರಿಯೇಟಿನಿನ್ 1.4 ಬಂದು ಮನೆಯಲ್ಲಿ ಗೋಳಾಟವಾಗಿತ್ತು. ಕ್ರಿಯೇಟಿನ್ ಸೇವಿಸುವವರಲ್ಲಿ ಅದು ಒಡೆದು ಬರುವ ಈ ಅಂಶ ತುಸು ಏರಬಹುದು, ನೀರು ಕಡಿಮೆಯಾದರೆ ಇನ್ನೂ ಏರುತ್ತದೆ. ಪುಡಿ ತೆಗೆದುಕೊಳ್ಳುತ್ತೇನೆಂದು ಮೊದಲೇ ಹೇಳದೆ ಇದ್ದದ್ದಕ್ಕೆ ವೈದ್ಯರು ಗದರಿದರು. ನಿಲ್ಲಿಸಿ ಮೂರು ವಾರದ ನಂತರ ನೋಡಿದಾಗ 1.1 ಇತ್ತು. ಈಗ ಪರೀಕ್ಷೆಯ ಚೀಟಿಯ ಹಿಂಬದಿಯಲ್ಲಿ ಕ್ರಿಯೇಟಿನ್ ಪ್ರಮಾಣವನ್ನು ನಾನೇ ಬರೆದುಕೊಂಡು ಹೋಗುತ್ತೇನೆ.