ಕಂಬ-ತೊಲೆ ಕೂಡುವಲ್ಲಿ ಕೆಂಪು ಪೆನ್ನು ಎಲ್ಲಿ ಓಡಬೇಕು?

ಬೆಳಗಾವಿ ಭೂಕಂಪದ ಮೂರನೇ ವಲಯದಲ್ಲಿದೆ. ಹಾಗಾಗಿ ಇಲ್ಲಿನ ಕಾಂಕ್ರೀಟ್ ಚೌಕಟ್ಟಿಗೆ, ಭೂಕಂಪ ತಾಳುವಂತೆ ಸರಳು ಜೋಡಿಸುವ ಭಾರತೀಯ ಮಾನದಂಡವಾದ ಐಎಸ್ 13920ರ 2016ರ ಆವೃತ್ತಿ ಅನ್ವಯಿಸುತ್ತದೆ. ನಾಲ್ಕಂತಸ್ತಿನ ಮನೆಯೊಂದರ ಡ್ರಾಯಿಂಗ್ ನನ್ನ ಮೇಜಿಗೆ ಬಂದಿದೆ ಎಂದುಕೊಳ್ಳಿ. ಹೊರಗೋಡೆಯ ಒಂದೇ ಒಂದು ಜಾಯಿಂಟನ್ನು ನೋಡೋಣ: 300×450 ಕಾಲಂ, 230×450 ಬೀಮ್, ಎರಡರಲ್ಲೂ 16 ಮಿ.ಮೀ. ಸರಳು, ಎಂ25 ಕಾಂಕ್ರೀಟ್, ಎಫ್ಇ500 ಉಕ್ಕು.

ಮೊದಲು ಅಗಲ ನೋಡಿ. ಕಾಲಂನ ಕಿರಿಯ ಬದಿ ಬೀಮ್ ಸರಳಿನ ವ್ಯಾಸದ 20 ಪಟ್ಟಿಗಿಂತ ಕಡಿಮೆ ಇರಬಾರದು. 20×16 ಅಂದರೆ 320. ಇಲ್ಲಿರುವುದು 300. ಇಪ್ಪತ್ತೇ ಮಿಲಿಮೀಟರ್ ಎಂದು ಬಿಟ್ಟುಕೊಡಬೇಡಿ. 12 ಮಿ.ಮೀ. ಸರಳು ಹಾಕಿದರೆ ನಿಯಮ ಪಾಸಾಗುತ್ತದೆ, ಆದರೆ 230ರ ಬೀಮಿನಲ್ಲಿ ಅಷ್ಟು ಸರಳು ಹಿಡಿಸುವುದಿಲ್ಲ. ಆದ್ದರಿಂದ "ಕಾಲಂ 350×450 ಮಾಡಿ" ಎಂದು ಬರೆದೆ. ಆರ್ಕಿಟೆಕ್ಟ್ ಗೊಣಗುವುದು ಖಂಡಿತ.

ಎರಡನೆಯದು ಸರಳಿನ ಬಾಲ, ಅಂದರೆ ಕಾಲಂನೊಳಗೆ ಬಾಗಿದ ತುದಿ. ಹೊರ ಜಾಯಿಂಟಿನಲ್ಲಿ ಬೀಮಿನ ಮೇಲಿನ, ಕೆಳಗಿನ ಎರಡೂ ಸರಳುಗಳು ಕಾಲಂನ ಒಳಮುಖ ದಾಟಿ ಪೂರ್ಣ ಹಿಡಿತದ ಉದ್ದ, ಅದರ ಮೇಲೆ ವ್ಯಾಸದ ಹತ್ತು ಪಟ್ಟು ಒಳಹೋಗಬೇಕು. ಬಾಗಿಗೆ ಎಂಟು ಪಟ್ಟು ಕಳೆಯಬಹುದು. ನಮ್ಮಲ್ಲಿ ಹಿಡಿತದ ಉದ್ದ 777, ಹಾಗಾಗಿ 777+160-128, ಅಂದರೆ 809. ಕಾಲಂನ 350ರಲ್ಲಿ ಕವರ್, ಸರಳುಗಳನ್ನು ಸುತ್ತಿ ಹಿಡಿಯುವ ರಿಂಗು, ಕಾಲಂ ಸರಳು ಬಿಟ್ಟರೆ ಬಾಗುವವರೆಗೆ ನೇರವಾಗಿ ಸಿಗುವುದು ಸುಮಾರು 200. ಉಳಿದ 610 ಬಾಲವಾಗಿ ಇಳಿಯಬೇಕು. ಡ್ರಾಯಿಂಗಿನಲ್ಲಿ ಬಾಲ ತೋರಿಸಿದ್ದು 200 ಮಾತ್ರ!

ಇಲ್ಲೊಂದು ಒಳಗುಟ್ಟಿದೆ. ಕವರ್, ಬಾಗು ಸೇರಿಸಿದರೆ ಮೇಲಿನ ಸರಳಿನ ಬಾಲದ ತುದಿ ಬೀಮಿನ ತಳಕ್ಕಿಂತ 280ರಷ್ಟು ಕೆಳಗಿರುತ್ತದೆ. ಆದರೆ ಸೈಟಿನಲ್ಲಿ ಕಾಲಂನ ಕಾಂಕ್ರೀಟನ್ನು ಬೀಮಿನ ತಳದವರೆಗೆ ಮೊದಲೇ ಸುರಿದಿರುತ್ತಾರೆ. ಗಟ್ಟಿಯಾದ ಕಾಂಕ್ರೀಟಿಗೆ ಬಾಲ ಇಳಿಯದು, ಆಗ ಕಟಿಂಗ್ ಮಷೀನ್ ಹೊರಬರುತ್ತದೆ. ಹಾಗಾಗಿ "ಕಾಲಂ ಕಾಂಕ್ರೀಟ್ ಬೀಮ್ ತಳಕ್ಕಿಂತ 300 ಮಿ.ಮೀ. ಕೆಳಗೆ ನಿಲ್ಲಿಸಿ" ಎಂಬ ಟಿಪ್ಪಣಿ ಡ್ರಾಯಿಂಗಿನಲ್ಲೇ ಬೇಕು.

ಕೊನೆಗೆ ರಿಂಗು. ನಾಲ್ಕೂ ಕಡೆ ಅಗಲವಾದ ಬೀಮ್ ಬಂದರೆ ಸ್ವಲ್ಪ ರಿಯಾಯಿತಿ ಇದೆ, ಹೊರ ಜಾಯಿಂಟಿಗೆ ಇಲ್ಲ. ಕಾಲಂ ತುದಿಯ ಬಿಗಿ ರಿಂಗುಗಳೇ ಜಾಯಿಂಟಿನೊಳಗೂ ಸಾಗಬೇಕು. ಅವುಗಳ ಅಂತರ ಕಿರಿಯ ಬದಿಯ ಕಾಲುಭಾಗ (87), ಕಾಲಂ ಸರಳಿನ ಆರು ಪಟ್ಟು (96), 100 ಮಿ.ಮೀ. ಈ ಮೂರರಲ್ಲಿ ಕಡಿಮೆಯದ್ದನ್ನು ಮೀರಬಾರದು. 85 ಇಟ್ಟರೆ ಜಾಯಿಂಟಿಗೆ ಐದು ರಿಂಗು. ಡ್ರಾಯಿಂಗಿನಲ್ಲಿ ರಿಂಗು ಬೀಮಿನ ತಳಕ್ಕೆ ನಿಂತು, ಸ್ಲಾಬಿನ ಮೇಲೆ ಮತ್ತೆ ಶುರುವಾಗಿತ್ತು. ನಡುವೆ ಬರೀ ಉದ್ದ ಸರಳುಗಳು.

"ಬೀಮ್ ಇಳಿಸಿದ ಮ್ಯಾಲ ಅಲ್ಲಿ ಕೈ ಹೋಗಂಗಿಲ್ರಿ ಸರ್" ಅನ್ನುತ್ತಾರೆ ಸರಳು ಕಟ್ಟುವವರು. ಮಾತು ನಿಜ. ಅದಕ್ಕೇ ಐದೂ ರಿಂಗುಗಳನ್ನು ಮೊದಲೇ ಕಾಲಂಗೆ ತೊಡಿಸಿ, ಬೀಮಿನ ಕೆಳಗಿನ ಸರಳಿನ ಮೇಲೆ ಒಂದರ ಮೇಲೊಂದು ಪೇರಿಸಿಟ್ಟು, ಬೀಮಿನ ಮೇಲಿನ ಸರಳು ಕೂತ ಮೇಲೆ ಒಂದೊಂದಾಗಿ ಮೇಲೆತ್ತಿ ತಂತಿ ಬಿಗಿಯಬೇಕು. ಈ ಕ್ರಮವನ್ನೂ ಟಿಪ್ಪಣಿಗೆ ಸೇರಿಸಿ, ಪರಿಷ್ಕೃತ ಪ್ರತಿ ಕೇಳಿ ಡ್ರಾಯಿಂಗ್ ವಾಪಸ್ ಕಳಿಸಿ.