212 ಜಿಬಿಯ ಅನಾಮಿಕ ಫೈಲ್: ತಲೆ ಮತ್ತು ಬಾಲ ನೋಡಿ ಹೊಟ್ಟೆಯೊಳಗಿನದನ್ನು ಹೇಳಿದ್ದು

ಎಸ್.ಪಿ. ರಸ್ತೆಯ ನಮ್ಮ ಸಾಲಿನಲ್ಲಿ ಡೇಟಾ ತೆಗೆದುಕೊಡುವ ಅಂಗಡಿಗಳು ನಾಲ್ಕೈದು ಇವೆ. ಮೊದಲ ಮಹಡಿಯಲ್ಲಿರುವ ನನ್ನದು ಎಲ್ಲಕ್ಕಿಂತ ಚಿಕ್ಕದು. ಯಾವ ಡಿಸ್ಕ್ ಬಂದರೂ ಮೊದಲು ಪೂರ್ತಿ ನಕಲು, ಆಮೇಲೆ ಮಾತು ಎನ್ನುವುದು ಇಲ್ಲಿಯ ಪದ್ಧತಿ. ಸಾಯುತ್ತಿರುವ ಡಿಸ್ಕಿಗೆ ಅದು ಸರಿಯಾದ ಪದ್ಧತಿಯೇ. ಆದರೆ ಗಿರಾಕಿ ಕೇಳುವುದು "ಇದರಲ್ಲಿ ಏನಿದೆ, ಎಷ್ಟಾಗುತ್ತದೆ" ಎಂಬ ಎರಡೇ ಪ್ರಶ್ನೆ. ಅವಕ್ಕೆ ಉತ್ತರ ಹೇಳಲು ನಕಲು ಬೇಕಿಲ್ಲ, ಮೊದಲ ಒಂದಿಷ್ಟು ಬೈಟುಗಳು ಸಾಕು ಎಂದು ನಾನು ಹೇಳಿದಾಗ ಪಕ್ಕದ ಅಂಗಡಿಯವರು, "ತಲೆ ನೋಡಿ ಬಾಲ ಹೇಳುವುದಕ್ಕೆ ನೀನೇನು ಹಾವಾಡಿಗನೇ?" ಎಂದು ನಕ್ಕಿದ್ದರು.

ಅವರು ನಗುವುದಕ್ಕೆ ಕಾರಣವೂ ಇತ್ತು. ಒಮ್ಮೆ ವಕೀಲರೊಬ್ಬರು ವಿಸ್ತರಣೆಯಿಲ್ಲದ, ನಾಲ್ಕು ಜಿಬಿ ಚಿಲ್ಲರೆ ಇರುವ ಒಂದು ಫೈಲ್ ತಂದಿದ್ದರು. ಮೊದಲ 512 ಬೈಟ್ ನೋಡಿದೆ, ಬರೀ ಸೊನ್ನೆ. 4 ಕೆಬಿ ನೋಡಿದೆ, ಅಲ್ಲಿಯೂ ಸೊನ್ನೆಯೇ. "ಖಾಲಿಯಾಗಿ ಹೋಗಿದೆ ಸರ್, ಏನೂ ಉಳಿದಿಲ್ಲ" ಎಂದು ದೊಡ್ಡ ಮನುಷ್ಯನಂತೆ ಹೇಳಿ ಕಳುಹಿಸಿದೆ. ವಕೀಲರು ಮೆಟ್ಟಿಲಿಳಿದು ಪಕ್ಕದ ಅಂಗಡಿಗೆ ಹೋದರು. ಅಲ್ಲಿ ಅದು ಸ್ಕ್ಯಾನ್ ಮಾಡಿದ ದಾಖಲೆಗಳ ಡಿವಿಡಿ ಇಮೇಜ್ ಎಂದು ಗೊತ್ತಾಗಿ, ಹತ್ತು ನಿಮಿಷದ ಕೆಲಸಕ್ಕೆ ಮೂರು ಸಾವಿರ ಬಂತು. ಐಎಸ್ಒ ಇಮೇಜಿನಲ್ಲಿ ಮೊದಲ 32 ಕೆಬಿ ಹೆಚ್ಚಾಗಿ ಖಾಲಿಯೇ ಇರುತ್ತದೆ. `CD001` ಎಂಬ ಗುರುತು ಕೂತಿರುವುದು 32769ನೆಯ ಬೈಟಿನಲ್ಲಿ. ಟಾರ್ ಫೈಲಿನ `ustar` ಕೂಡ ಹಾಗೆಯೇ, 257ರಲ್ಲಿ. ಗುರುತು ಯಾವಾಗಲೂ ಬಾಗಿಲಲ್ಲೇ ಇರುತ್ತದೆ ಎಂದುಕೊಂಡದ್ದು ನನ್ನ ತಪ್ಪು. ಆ ಸಂಜೆ ಕೂತು, ಎಷ್ಟನೆಯ ಬೈಟಿನಲ್ಲಿ ಏನು ನೋಡಬೇಕು ಎಂಬ ಪಟ್ಟಿಯೊಂದನ್ನು ಬರೆದುಕೊಂಡೆ. ಈಗ ಅದು ಎರಡು ಪುಟವಾಗಿದೆ. ಇಲ್ಲಿ ಪೂರ್ತಿ ಕೊಡುವುದಿಲ್ಲ, ನಾನೂ ಹೊಟ್ಟೆ ಹೊರೆಯಬೇಕಲ್ಲ.

ಇನ್ನು ನಿಜವಾದ ಕಥೆಗೆ ಬರುತ್ತೇನೆ. ಚಾಮರಾಜಪೇಟೆಯ ಲಗ್ನಪತ್ರಿಕೆ ಮುದ್ರಿಸುವ ಪ್ರೆಸ್ಸಿನ ಮಾಲೀಕರೊಬ್ಬರು ಹೊರಗಿನ ಡಿಸ್ಕ್ ಒಂದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದರು. ಅವರ ಹಳೆಯ ಕಂಪ್ಯೂಟರ್ ಹುಡುಗ ಕೆಲಸ ಬಿಡುವ ಮೊದಲು "ಎಲ್ಲ ಬ್ಯಾಕಪ್ ಇದರಲ್ಲಿದೆ" ಎಂದಿದ್ದನಂತೆ. ಡಿಸ್ಕಿನಲ್ಲಿ ಇದ್ದದ್ದು `BKP_FINAL` ಎಂಬ ಒಂದೇ ಫೈಲ್, ಸುಮಾರು 212 ಜಿಬಿ. ಹುಡುಗನ ಮೊಬೈಲ್ ನಂಬರ್ ಬದಲಾಗಿತ್ತು. ಅವರಿಗೆ ಬೇಕಿದ್ದುದು ಹಳೆಯ ಗ್ರಾಹಕರ ಪತ್ರಿಕೆಗಳ ವಿನ್ಯಾಸ. ಕೆಳಗಿನ ಎರಡು ಅಂಗಡಿಗಳಲ್ಲಿ ವಿಚಾರಿಸಿಯೇ ಬಂದಿದ್ದರು. ಒಬ್ಬರು ಹದಿನೈದು ಸಾವಿರ ಕೇಳಿದ್ದರು, ಇನ್ನೊಬ್ಬರು ಮೂರು ದಿನ ಬಿಟ್ಟು ಹೋಗಲು ಹೇಳಿದ್ದರು.

ಡಿಸ್ಕ್ ಟಿಕ್ ಟಿಕ್ ಎನ್ನುತ್ತಿತ್ತು, ಓದುವ ವೇಗ ಸೆಕೆಂಡಿಗೆ ಎಂಟು ಎಂಬಿಯ ಆಸುಪಾಸು. ಪೂರ್ತಿ ಓದಲು ಏಳೆಂಟು ಗಂಟೆ ಬೇಕು, ಅಷ್ಟು ಹೊತ್ತು ಅದು ಬದುಕಿರುತ್ತದೆ ಎಂಬ ಖಾತರಿಯಿಲ್ಲ. ಇಂಥ ಡಿಸ್ಕನ್ನು ಜೋಡಿಸುವ ಮೊದಲು ತಾನಾಗಿ ಮೌಂಟ್ ಆಗುವುದನ್ನು ನಿಲ್ಲಿಸಿ, ಓದಲು ಮಾತ್ರ ಎಂದು ನಿಗದಿ ಮಾಡಿಡುತ್ತೇನೆ. ಹಿಂದೊಮ್ಮೆ ಫೈಲ್ ಮ್ಯಾನೇಜರ್ ತೆರೆದಿಟ್ಟು ಕಾಫಿಗೆ ಹೋದಾಗ, ಅದು ಪುಟ್ಟ ಚಿತ್ರಗಳನ್ನು ತಯಾರಿಸಲು ಒಂದೇ ಸಮನೆ ಓದಿ ಓದಿ ಡಿಸ್ಕನ್ನು ಮಲಗಿಸಿಬಿಟ್ಟಿತ್ತು.

ಮಾಲೀಕರನ್ನು ಸ್ಟೂಲಿನ ಮೇಲೆ ಕೂರಿಸಿ ಬರೀ 24 ಬೈಟ್ ಓದಿದೆ.

```
$ xxd -l 24 BKP_FINAL
00000000: 1f8b 0808 5857 8a5c 0003 7072 6573 735f  ....XW.\..press_
00000010: 6f6c 642e 696d 6700                      old.img.
```

`1f8b` ಎಂದರೆ `gzip` ಒತ್ತಿಟ್ಟ ಫೈಲ್, ಅದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅಷ್ಟನ್ನು ಓದಿ ನಿಲ್ಲಿಸುವವರೇ ಹೆಚ್ಚು. ನಾಲ್ಕನೆಯ ಬೈಟಾದ `08` ಹೇಳುವುದೇನೆಂದರೆ, ಒಳಗಿನ ಫೈಲಿನ ಮೂಲ ಹೆಸರನ್ನೂ ಇಲ್ಲಿಯೇ ಬರೆದಿಡಲಾಗಿದೆ. ಆ ಹೆಸರು `press_old.img`. ನಡುವಿನ ನಾಲ್ಕು ಬೈಟು ಕಾಲ. ಹಿಂದುಮುಂದು ಮಾಡಿ `5c8a5758` ಎಂದು ಓದಿಕೊಂಡರೆ 1552570200, ಅಂದರೆ 2019ರ ಮಾರ್ಚ್ 14, ನಮ್ಮ ಸಮಯ ಸಂಜೆ ಏಳು. ಮಾಲೀಕರಿಗೆ ಹೇಳಿದೆ. ಸ್ವಲ್ಪ ಯೋಚಿಸಿ, "ಹೌದು ಸ್ವಾಮಿ, ಆ ಯುಗಾದಿಗೆ ಮೊದಲೇ ಹೊಸ ಕಂಪ್ಯೂಟರ್ ತಂದೆವು" ಎಂದರು. ಅವರಿಗೆ ನನ್ನ ಮೇಲೆ ನಂಬಿಕೆ ಬಂದದ್ದು ಆ ಕ್ಷಣದಲ್ಲೇ. ಇದನ್ನೆಲ್ಲ `file` ಆದೇಶವೂ ಹೇಳುತ್ತದೆ, ಆದರೆ ಬೈಟುಗಳನ್ನು ಕಣ್ಣಾರೆ ನೋಡಿದರೆ ನನಗೆ ಸಮಾಧಾನ.

ಹೆಸರಿನಲ್ಲಿ `img` ಎಂದಿದ್ದ ಮಾತ್ರಕ್ಕೆ ಡಿಸ್ಕ್ ಇಮೇಜ್ ಎಂದು ನಂಬಬಾರದು. ಒಳಗೆ ಇಣುಕಬೇಕು. ಇಲ್ಲಿ ಜನ ಎಡವುತ್ತಾರೆ: ಪೂರ್ತಿ ಬಿಚ್ಚದೆ ಒಳಗಿನದು ಕಾಣುವುದಿಲ್ಲ ಎಂದುಕೊಳ್ಳುತ್ತಾರೆ. `gzip` ಮೊದಲಿನಿಂದ ಸಾಲಾಗಿ ಬಿಚ್ಚಿಕೊಳ್ಳುವಂಥದ್ದು, ನಡುವಿನಿಂದ ತೆಗೆಯಲು ಬಾರದು, ನಿಜ. ಆದರೆ ನಮಗೆ ಬೇಕಿರುವುದು ಮೊದಲಿನ ಭಾಗವೇ.

```
$ gzip -dc < BKP_FINAL | head -c 512 | xxd -s 446 -l 16
000001be: 8020 2100 07fe ffff 0008 0000 0058 383a  . !..........X8:
```

`<` ಅಥವಾ `-c`, ಎರಡರಲ್ಲಿ ಒಂದಾದರೂ ಇರಬೇಕು. ಎರಡೂ ಇಲ್ಲದಿದ್ದರೆ ಹೆಸರಿನ ಕೊನೆಯಲ್ಲಿ `.gz` ಇಲ್ಲವೆಂದು `gzip` ಮುನಿಸಿಕೊಳ್ಳುತ್ತದೆ. ತನಗೆ ಬೇಕಾದ 512 ಬೈಟ್ ಸಿಕ್ಕಿದೊಡನೆ `head` ಪೈಪನ್ನು ಮುಚ್ಚುತ್ತದೆ, `gzip` ಅಲ್ಲಿಗೇ ನಿಲ್ಲುತ್ತದೆ. ಡಿಸ್ಕಿನಿಂದ ಓದಿದ್ದು ತೀರಾ ಸ್ವಲ್ಪ. ನನ್ನ ಅಂಗಡಿಯ ಹುಡುಗ ಇದನ್ನೇ ಬೇರೆ ರೀತಿ ಮಾಡಿದ್ದ: ಮೊದಲು ಒಂದು ಎಂಬಿ ಕತ್ತರಿಸಿ ಬೇರೆ ಫೈಲಿಗೆ ಹಾಕಿಕೊಂಡು ಬಿಚ್ಚಿದ್ದ. `unexpected end of file` ಎಂದು ಬಂದದ್ದನ್ನು ನೋಡಿ ಬ್ಯಾಕಪ್ಪೇ ಹಾಳಾಗಿದೆ ಎಂದು ಗಾಬರಿಯಾದ. ಬಾಲವನ್ನು ಕತ್ತರಿಸಿದವನು ತಾನೇ ಎಂಬುದು ಅವನಿಗೆ ಹೊಳೆದಿರಲಿಲ್ಲ. ಹೆದರಬೇಕಾದದ್ದು `format violated` ಎಂದು ಬಂದರೆ.

ಆ 512 ಬೈಟಿನ ಕೊನೆಯಲ್ಲಿ `55aa` ಇತ್ತು. ಹಾಗಾದರೆ ಇದು ಇಡೀ ಡಿಸ್ಕಿನ ಇಮೇಜ್, ಮೇಲೆ ಕಾಣುವ ಸಾಲು ಅದರ ಒಂದೇ ಒಂದು ಪಾರ್ಟಿಷನ್. `07` ಎಂದರೆ ವಿಂಡೋಸ್ ಬಗೆಯದು. `0008 0000` ಹಿಂದುಮುಂದಾದರೆ 2048ನೆಯ ಸೆಕ್ಟರಿನಿಂದ ಆರಂಭ. ಕೊನೆಯ ನಾಲ್ಕು ಬೈಟು ಉದ್ದ: 976771072 ಸೆಕ್ಟರ್, ಸುಮಾರು 500 ಜಿಬಿ. 2048 ಸೆಕ್ಟರ್ ಎಂದರೆ ಸರಿಯಾಗಿ ಒಂದು ಎಂಬಿ, ಅಂದಮೇಲೆ ಅಷ್ಟು ದೂರ ಬಿಚ್ಚಿ ಅದರ ಮುಂದಿನ ಸೆಕ್ಟರ್ ನೋಡಿದರಾಯಿತು.

```
$ gzip -dc < BKP_FINAL | head -c 1049088 | tail -c 512 | xxd -l 16
00000000: eb52 904e 5446 5320 2020 2000 0208 0000  .R.NTFS    .....
```

ಎನ್‌ಟಿಎಫ್‌ಎಸ್ ಎಂದು ಅದೇ ಹೇಳಿಕೊಂಡಿತು. ಗೂಢಲಿಪಿಯಲ್ಲಿ ಬೀಗ ಹಾಕಿದ್ದರೆ ಈ ಜಾಗದಲ್ಲಿ ಈ ಅಕ್ಷರಗಳು ಇರುತ್ತಿರಲಿಲ್ಲ. ತಲೆಯೇ ಗೊತ್ತಾಗದ ಫೈಲನ್ನು ಬೀಗ ಹಾಕಿದ್ದೋ ಬರೀ ಒತ್ತಿಟ್ಟದ್ದೋ ಎಂದು ಬೇರ್ಪಡಿಸಲು ನನ್ನದೊಂದು ಉಪಾಯವಿದೆ, ಅದನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ.

ಉಳಿದದ್ದು ಒಂದು ಸಂಶಯ. ಪ್ರೆಸ್ಸಿನ ಆ ಹುಡುಗ ಬ್ಯಾಕಪ್ಪನ್ನು ಈ ಡಿಸ್ಕಿಗೆ ಹಾಕುವಾಗ ಅರ್ಧಕ್ಕೇ ಕಿತ್ತಿದ್ದರೆ? ತಲೆ ಚೆನ್ನಾಗಿಯೇ ಕಾಣುತ್ತದೆ, ಒಳಗೆ ಅರ್ಧ ಇರುವುದಿಲ್ಲ. ಬಾಲ ನೋಡಿದೆ.

```
$ tail -c 4 BKP_FINAL | xxd
00000000: 0060 c070                                .`.p
```

`gzip` ತನ್ನ ಕೊನೆಯ ನಾಲ್ಕು ಬೈಟಿನಲ್ಲಿ ಮೂಲದ ಗಾತ್ರವನ್ನು ಬರೆದಿಡುತ್ತದೆ. ಇಲ್ಲಿ ಬಂದದ್ದು 1891655680. "ಬಿಚ್ಚಿದರೆ ಎರಡು ಜಿಬಿಯೂ ಇಲ್ಲವಲ್ಲ ಸರ್" ಎಂದ ನನ್ನ ಅಂಗಡಿಯ ಹುಡುಗ. ನಾಲ್ಕು ಬೈಟಿನಲ್ಲಿ 4 ಜಿಬಿಗಿಂತ ದೊಡ್ಡ ಸಂಖ್ಯೆ ಹಿಡಿಯುವುದಿಲ್ಲ. 4294967296ರಿಂದ ಭಾಗಿಸಿ ಉಳಿದ ಶೇಷವನ್ನಷ್ಟೇ ಅದು ಇಡುತ್ತದೆ. ಹಾಗಾಗಿ ದೊಡ್ಡ ಫೈಲುಗಳಿಗೆ ಈ ಸಂಖ್ಯೆ ಕೆಲಸಕ್ಕೆ ಬಾರದು ಎಂದು ಎಲ್ಲರೂ ಬಿಟ್ಟುಬಿಡುತ್ತಾರೆ, ನಾನೂ ಬಿಟ್ಟಿದ್ದೆ. ಅವತ್ತು ಕ್ಯಾಲ್ಕುಲೇಟರ್ ಕೈಯಲ್ಲಿದ್ದದ್ದು ಒಳ್ಳೆಯದಾಯಿತು. ಪಾರ್ಟಿಷನ್ ಮುಗಿಯುವುದು 500107837440ನೆಯ ಬೈಟಿಗೆ. ಇಮೇಜ್ ಕನಿಷ್ಠ ಅಷ್ಟು ಇರಲೇಬೇಕು. 4294967296ನ್ನು 116ರಿಂದ ಗುಣಿಸಿ ಶೇಷ ಕೂಡಿಸಿದೆ: 500107862016. ಪಾರ್ಟಿಷನ್ನಿನ ಕೊನೆಗೂ ಇದಕ್ಕೂ ಇರುವ ಅಂತರ 48 ಸೆಕ್ಟರ್, ಅಷ್ಟೇ. 512ರಿಂದ ಭಾಗಿಸಿದರೆ 976773168 ಸೆಕ್ಟರ್. 500 ಜಿಬಿ ಡಿಸ್ಕುಗಳ ಮೇಲೆ ಅಂಟಿಸಿದ ಚೀಟಿಯಲ್ಲಿ ನಾವು ದಿನವೂ ನೋಡುವ ಸಂಖ್ಯೆ! ಅರ್ಧಕ್ಕೆ ತುಂಡಾದ ಫೈಲಿನ ಕೊನೆಯ ನಾಲ್ಕು ಬೈಟು ಹೀಗೆ ತಾಳೆಯಾಗುವುದು ಲಾಟರಿ ಹೊಡೆದಂತೆ.

ಡಿಸ್ಕ್ ತಂದಿಟ್ಟು ಕಾಲು ಗಂಟೆಯೂ ಆಗಿರಲಿಲ್ಲ. ಓದಿದ್ದು ಒಂದೆರಡು ಎಂಬಿ. "ನಿಮ್ಮ ಹಳೆಯ ಕಂಪ್ಯೂಟರಿನ ಪೂರ್ತಿ ಡಿಸ್ಕ್ ಇದು, 2019ರ ಮಾರ್ಚಿನದು, ಬೀಗವಿಲ್ಲ, ತುಂಡಾಗಿಲ್ಲ. ನಾಲ್ಕೂವರೆ ಸಾವಿರ ಕೊಡಿ" ಎಂದೆ. ನಡುವೆ ಎಲ್ಲಾದರೂ ಕೆಟ್ಟ ಸೆಕ್ಟರ್ ಇದ್ದರೆ ಅದರ ಮುಂದಿನದು ಸಿಗುವುದು ಕಷ್ಟ, ಅದು ಪೂರ್ತಿ ಬಿಚ್ಚಿದಾಗಲೇ ತಿಳಿಯುತ್ತದೆ ಎಂಬುದನ್ನೂ ಹೇಳಿದೆ. ಕೆಳಗಿನವರು ಹದಿನೈದು ಕೇಳಿದ್ದು ಅಷ್ಟೊಂದು ತಪ್ಪಲ್ಲ ಬಿಡಿ, ಏನಿದೆ ಎಂದು ಗೊತ್ತಿಲ್ಲದಿದ್ದಾಗ ಭಯಕ್ಕೂ ಸೇರಿಸಿಯೇ ಬೆಲೆ ಕಟ್ಟುತ್ತಾರೆ.

ಆ ರಾತ್ರಿ 212 ಜಿಬಿಯನ್ನು ಮೊದಲು ನನ್ನ ಡಿಸ್ಕಿಗೆ ನಕಲು ಮಾಡಿದೆ, ಒಂಬತ್ತು ಗಂಟೆ ಹಿಡಿಯಿತು. ಬಿಚ್ಚುವಾಗ `dd`ಗೆ `conv=sparse` ಕೊಟ್ಟೆ. ಸೊನ್ನೆಗಳಿಗೆ ಜಾಗ ಹೋಗದೆ 500ರ ಬದಲು ಸುಮಾರು 290 ಜಿಬಿಯಲ್ಲಿ ಮುಗಿಯಿತು, ಹೊಸ ಡಿಸ್ಕಿನ ಖರ್ಚು ಉಳಿಯಿತು. ಆಮೇಲೆ ಇಮೇಜನ್ನು ಓದಲು ಮಾತ್ರ ಎಂದು, 1048576ನೆಯ ಬೈಟಿನಿಂದ ಮೌಂಟ್ ಮಾಡಿದೆ.

ಈ ಹುರುಪಿನಲ್ಲಿ ದೂರದ ಸರ್ವರುಗಳ ಫೈಲುಗಳ ಮೇಲೂ ಪ್ರಯೋಗ ಮಾಡಿದೆ. `curl -s -r 0-511` ಎಂದರೆ ಮೊದಲ 512 ಬೈಟ್ ಮಾತ್ರ ಕಳುಹಿಸು ಎಂದು. ಕೆಲವು ಸರ್ವರುಗಳು ಆ ಮಾತಿಗೆ ಕಿವಿಗೊಡದೆ ಫೈಲನ್ನೇ ಪೂರ್ತಿ ಸುರಿಯುತ್ತವೆ. ಹಾಗೆ ಒಂದು ದಿನದ ಮೊಬೈಲ್ ಡೇಟಾ ಮಧ್ಯಾಹ್ನದೊಳಗೆ ಖಾಲಿಯಾಯಿತು. ಈಗ ಕೊನೆಗೆ `| head -c 512` ಸೇರಿಸದೆ ಎಂಟರ್ ಒತ್ತುವುದಿಲ್ಲ.

ಪ್ರೆಸ್ಸಿನವರು ಮೂರನೆಯ ದಿನ ಬಂದು ವಿನ್ಯಾಸಗಳನ್ನು ಒಂದೊಂದಾಗಿ ತೆರೆದು ನೋಡಿದರು. ನಾಲ್ಕೂವರೆಗೆ ಒಪ್ಪಿದ್ದವರು ನಾಲ್ಕೇ ಕೊಟ್ಟರು, ಉಳಿದ ಐನೂರಕ್ಕೆ ನನ್ನ ತಂಗಿಯ ಮಗಳ ನಾಮಕರಣದ ಕಾರ್ಡು ಮುದ್ರಿಸಿಕೊಡುವುದಾಗಿ ಮಾತಾಯಿತು. ಪಕ್ಕದ ಅಂಗಡಿಯವರು ಈಗ ವಾರಕ್ಕೊಮ್ಮೆ ಯಾವುದಾದರೂ ಫೈಲ್ ಹಿಡಿದು ಮೇಲೆ ಬರುತ್ತಾರೆ. ಕಾಫಿ ಅವರದು, ಪಟ್ಟಿ ಮಾತ್ರ ನನ್ನ ಡ್ರಾಯರಿನಲ್ಲೇ ಇದೆ.