ಕೈಗೆಟಕುವವರೆಗೆ ಮಲ್ಲಿಗೆ, ಅದರಾಚೆ ಬಟ್ಟೆಯ ಹೂವು

ಕಳೆದ ವರ್ಷ, ಅಂದರೆ 2025ರ ಆಗಸ್ಟ್ 8ರ ವರಮಹಾಲಕ್ಷ್ಮಿ ಹಬ್ಬದ ಸಂಜೆ, ಅರಿಶಿನ ಕುಂಕುಮಕ್ಕೆ ಬಂದಿದ್ದ ನನ್ನ ಓರಗಿತ್ತಿ ಮಂಟಪದ ಮುಂದೆ ಐದು ನಿಮಿಷ ನಿಂತು, “ಈ ಸಲ ಚೆಂಡು ಹೂವು ಎಷ್ಟು ಕೆಜಿ ತಂದಿರಿ ಅಕ್ಕಾ?” ಎಂದು ಕೇಳಿದಳು. ಒಂದು ಕೆಜಿಯನ್ನೂ ತಂದಿರಲಿಲ್ಲ, ಅವೆಲ್ಲ ಬಟ್ಟೆಯ ಹೂವು. ಅದಕ್ಕೂ ನಾಲ್ಕು ವರ್ಷದ ಹಿಂದೆ “ಲಕ್ಷ್ಮಿಯ ಮುಂದೆ ಪ್ಲಾಸ್ಟಿಕ್ ತೂಗುಹಾಕಿದ್ದಾರೆ” ಎಂದು ಊರೆಲ್ಲ ಹೇಳಿಕೊಂಡು ಬಂದವಳೂ ಅವಳೇ. ಆದ್ದರಿಂದ ಇದನ್ನು ಬರೆಯಲೇಬೇಕು ಅನ್ನಿಸಿತು.

ಕಲಶಕ್ಕೆ ಸೀರೆ ಉಡಿಸುವುದು, ಮುಖವಾಡ ಕಟ್ಟುವುದು, ಮಂಟಪ ನಿಲ್ಲಿಸುವುದು ನಿಮಗೆಲ್ಲ ಗೊತ್ತು. ನಾನು ಹೂವಿನ ಮಾತು ಮಾತ್ರ ಆಡುತ್ತೇನೆ.

ಮೊದಲು ನಮ್ಮ ಮನೆಯಲ್ಲಿ ಎಲ್ಲವೂ ನಿಜವಾದ ಹೂವೇ. ಹಬ್ಬದ ಹಿಂದಿನ ದಿನ ಬೆಳಗಿನ ಜಾವ ಕೆ.ಆರ್. ಮಾರುಕಟ್ಟೆಗೆ ಹೋಗಿ ಎಂಟು ಕೆಜಿ ಸೇವಂತಿಗೆ, ಹತ್ತು ಕೆಜಿ ಚೆಂಡು ಹೂವು, ಸುಗಂಧರಾಜದ ಎರಡು ದಪ್ಪ ಹಾರ, ಗುಲಾಬಿ, ಕನಕಾಂಬರ, ಮಲ್ಲಿಗೆ ತರುತ್ತಿದ್ದೆವು. ಶ್ರಾವಣದ ಆ ಎರಡು ದಿನ ಬೆಲೆ ಹೇಗೆ ಏರುತ್ತದೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಒಟ್ಟು ಆರು ಸಾವಿರ ದಾಟುತ್ತಿತ್ತು. ಆದರೆ ನನಗೆ ಹಣಕ್ಕಿಂತ ಹೆಚ್ಚು ಹೊಟ್ಟೆ ಉರಿಯುತ್ತಿದ್ದದ್ದು ಬೇರೆ ಕಾರಣಕ್ಕೆ. ಗುರುವಾರ ರಾತ್ರಿ ಹನ್ನೊಂದಕ್ಕೆ ಅಲಂಕಾರ ಮುಗಿಸಿದರೆ ಶುಕ್ರವಾರ ಬೆಳಿಗ್ಗೆ ಪೂಜೆಯ ಹೊತ್ತಿಗೆ ಚೆನ್ನಾಗಿಯೇ ಇರುತ್ತಿತ್ತು. ಸಂಜೆ ಜನ ಬರುವ ಹೊತ್ತಿಗೆ ದೀಪದ ಪಕ್ಕದ ಸೇವಂತಿಗೆಯ ಅಂಚು ಕಂದಿ, ಸುಗಂಧರಾಜ ಕಂದು ಬಣ್ಣಕ್ಕೆ ತಿರುಗಿರುತ್ತಿತ್ತು. ಒಂದು ವರ್ಷ ಬಾಡದಿರಲಿ ಎಂದು ಗಂಟೆಗೊಮ್ಮೆ ನೀರು ಚಿಮುಕಿಸಿದೆ. ಒತ್ತಾಗಿ ಕಟ್ಟಿದ ಹಾರದೊಳಗೆ ನೀರು ನಿಂತು ಶನಿವಾರ ಬೆಳಿಗ್ಗೆ ಒಳಗೆಲ್ಲ ಕೊಳೆತ ವಾಸನೆ.

ಇದರ ಜೊತೆಗೆ ಮಗಳ ಸೀನು. ಪ್ರತಿ ವರಮಹಾಲಕ್ಷ್ಮಿಗೂ ಅವಳಿಗೆ ಸೀನು, ಕಣ್ಣು ತುರಿಕೆ, ರಾತ್ರಿ ಉಬ್ಬಸ. ಎಲ್ಲರೂ ಚೆಂಡು ಹೂವಿನ ಪರಾಗವನ್ನೇ ಬೈದೆವು. 2021ರಲ್ಲಿ ನಾನು ಹಟ ಹಿಡಿದು ಚಿಕ್ಕಪೇಟೆಗೆ ಹೋಗಿ ಸುಮಾರು ಐದು ಸಾವಿರ ಸುರಿದು ಎಲ್ಲಕ್ಕೂ ಕೃತಕ ಹೂವನ್ನೇ ತಂದೆ.

ಆ ವರ್ಷದ ಅಲಂಕಾರದ ಫೋಟೊಗಳನ್ನು ನಾನು ಅಳಿಸಿದ್ದೇನೆ. ಬಿಳಿ ಎಲ್‌ಇಡಿ ಬೆಳಕಿನಲ್ಲಿ ಆ ಹಳದಿ ಸರಗಳು ಮದುವೆ ಛತ್ರದ ಹಿಂಬಾಗಿಲಿನಂತೆ ಕಾಣುತ್ತಿದ್ದವು. ಅತ್ತೆ ಒಂದೇ ಮಾತು ಹೇಳಿದರು: “ಬಾಡದ ಹೂವು ಹೂವೇ ಅಲ್ಲಮ್ಮ.” ಪೂಜೆಗೆ ಅವರೇ ಹೋಗಿ ಎರಡು ಮಾರು ಮಲ್ಲಿಗೆ ತಂದರು. ಮಗಳ ಸೀನು ಆ ವರ್ಷ ಕಡಿಮೆಯಾಯಿತು, ನಾನು ಗೆದ್ದೆ ಎಂದುಕೊಂಡೆ. ಮರುವರ್ಷ ಅಟ್ಟದಿಂದ ಅದೇ ಸರಗಳ ಚೀಲ ಇಳಿಸಿ, ಹಜಾರದ ಬಾಗಿಲು ಕಿಟಕಿ ಹಾಕಿಕೊಂಡು ಕೊಡವಿದೆ. ಅಂದು ರಾತ್ರಿಯೇ ಅವಳಿಗೆ ನೆಬ್ಯುಲೈಸರ್ ಹಾಕಿಸಬೇಕಾಯಿತು. ನಿಜವಾದ ಹೂವಿದ್ದಾಗಲೂ ಅಷ್ಟು ಆಗಿರಲಿಲ್ಲ.

ಆಮೇಲೆ ಅಲರ್ಜಿ ವೈದ್ಯರ ಹತ್ತಿರ ಚರ್ಮದ ಪರೀಕ್ಷೆ ಮಾಡಿಸಿದೆವು. ಕೈಯ ಮೇಲೆ ಉಬ್ಬಿದ್ದು ಮನೆಯ ಧೂಳಿನ ಹುಳುವಿನ ಸಾರ ಚುಚ್ಚಿದ ಜಾಗ. ವೈದ್ಯರು ಹೇಳಿದ್ದು ಇಷ್ಟು: ಚೆಂಡು ಹೂವು, ಸೇವಂತಿಗೆಯಂಥ ಹೂವುಗಳ ಪರಾಗ ಜೇನುಹುಳು, ಚಿಟ್ಟೆಗಳ ಮೈಗೆ ಅಂಟಲೆಂದೇ ಇರುವುದು. ಅದು ಭಾರ ಮತ್ತು ಜಿಗುಟು, ಹುಲ್ಲಿನ ಪರಾಗದಂತೆ ಗಾಳಿಯಲ್ಲಿ ದೂರ ಹಾರುವುದಿಲ್ಲ. ಮೂಗಿಗೆ ಕಿರಿಕಿರಿ ಮಾಡುವುದು ಸುಗಂಧರಾಜದಂಥ ಹೂವಿನ ಗಾಢ ವಾಸನೆ, ಅದಕ್ಕಿಂತ ಹೆಚ್ಚಾಗಿ ಸಾಂಬ್ರಾಣಿ ಮತ್ತು ಊದುಬತ್ತಿಯ ಹೊಗೆ. ಮೊದಲ ವರ್ಷ ಕೃತಕ ಹೂವಿನಿಂದ ಅವಳಿಗೆ ತೊಂದರೆಯಾಗದಿದ್ದುದು ಅದು ಹೊಸದಾಗಿದ್ದರಿಂದ. ಅಟ್ಟದಲ್ಲಿ ಒಂದು ವರ್ಷ ಮಲಗಿದ ಮೇಲೆ ಅದು ಹೂವಿನ ಆಕಾರದ ಧೂಳು, ಅಷ್ಟೆ. ಆ ವರ್ಷದಿಂದ ಸುಗಂಧರಾಜ ಬಂದ್, ಸಾಂಬ್ರಾಣಿ ಹಿತ್ತಲಿನಲ್ಲಿ ಮಾತ್ರ.

ಆದರೆ ಹೂವು ಯಾರಿಗೂ ಏನೂ ಮಾಡುವುದಿಲ್ಲ ಎಂದಲ್ಲ. ಅತ್ತೆಗೆ ಸೇವಂತಿಗೆ ಕಟ್ಟಿದ ಮರುದಿನ ಬೆರಳ ಸಂದಿಯಲ್ಲಿ ತುರಿಕೆ, ಸಣ್ಣ ಗುಳ್ಳೆ. ಅವರಿಗೆ ಹಿಂದೆ ಊರಿನಲ್ಲಿ ಕಾಂಗ್ರೆಸ್ ಗಿಡ ಕಿತ್ತು ಮೈಯೆಲ್ಲ ಕೆರೆತ ಬಂದಿತ್ತಂತೆ. ಆ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಮತ್ತು ಸೇವಂತಿಗೆ ಒಂದೇ ಕುಟುಂಬದವು. ಒಂದಕ್ಕೆ ಆಗದ ಚರ್ಮ ಇನ್ನೊಂದಕ್ಕೂ ಸಿಡುಕಬಹುದು. ಈಗ ಅವರು ಮಲ್ಲಿಗೆ, ಕನಕಾಂಬರ ಮಾತ್ರ ಕಟ್ಟುತ್ತಾರೆ. ಸೇವಂತಿಗೆಯನ್ನು ನಾನು ಕೈಗವಸು ಹಾಕಿಕೊಂಡು ಸೂಜಿಯಲ್ಲಿ ಪೋಣಿಸುತ್ತೇನೆ.

ಕೊನೆಗೆ ನನಗೆ ಹೊಳೆದದ್ದು ದೂರದ ಲೆಕ್ಕ. ಮಣೆಯ ಮೇಲೆ ಕುಳಿತು ಪೂಜೆ ಮಾಡುವವರ ಕೈ ಎಲ್ಲಿಯವರೆಗೆ ಎಟಕುತ್ತದೋ ಅಲ್ಲಿಯವರೆಗೆ ಎಲ್ಲವೂ ನಿಜವಾದದ್ದು: ದೇವಿಯ ಜಡೆ, ಕೊರಳ ಹಾರ, ಕಲಶದ ಸುತ್ತ, ಪೂಜೆಯ ತಟ್ಟೆ. ಕಣ್ಣು ಹತ್ತಿರದಿಂದ ನೋಡುವುದೂ ಮೂಗಿಗೆ ವಾಸನೆ ಬರುವುದೂ ಅಲ್ಲಿಂದಲೇ. ಅದರಾಚೆಗಿನ ಹಿಂಬದಿಯ ಪರದೆ, ಮಂಟಪದ ಕಂಬ, ಮೇಲಿನ ತೋರಣ ಎಲ್ಲವೂ ಬಟ್ಟೆಯ ಹೂವು. ಎರಡರ ಗಡಿಯಲ್ಲಿ ಮಾವಿನ ಎಲೆ, ಬಾಳೆಕಂದು, ಒಂದಷ್ಟು ಮರುಗ. ಹಸಿ ಎಲೆ ಪಕ್ಕದಲ್ಲಿದ್ದರೆ ಬಟ್ಟೆಯ ಹೂವಿಗೂ ಜೀವ ಬಂದಂತೆ ಕಾಣುತ್ತದೆ. ಜನರಿಗೆ ಮೋಸ ಮಾಡುವುದು ಹೂವಲ್ಲ, ಎಲೆ.

ಅತ್ತೆಯನ್ನು ಒಪ್ಪಿಸಿದ್ದು ಮಾತ್ರ ಬೇರೆ ವಾದದಿಂದ. “ನೀವೇ ಹತ್ತಿಯಲ್ಲಿ ಗೆಜ್ಜೆ ವಸ್ತ್ರ ಮಾಡಿ ದೇವರಿಗೆ ಹಾಕುತ್ತೀರಿ. ನಿಮ್ಮ ಮದುವೆಯಲ್ಲಿ ಬೆಂಡಿನ ಬಾಸಿಂಗ ಕಟ್ಟಿದ್ದರಲ್ಲ, ಅದು ಯಾವ ಗಿಡದ ಹೂವು?” ಎಂದೆ. ಅವರು ನಕ್ಕು, “ಮೈಮೇಲೆ ಮಾತ್ರ ಹಾಕಬೇಡ” ಎಂದರು. ಗಡಿ ಅಲ್ಲಿಯೇ ನಿಂತಿತು.

ಕೃತಕ ಹೂವು ಸುಳ್ಳೆಂದು ಮೊದಲು ಹೇಳಿಬಿಡುವುದು ಬಣ್ಣವಲ್ಲ. ಅಂಗಡಿಯಿಂದ ಬರುವ ಸರದಲ್ಲಿ ಎಲ್ಲ ಹೂವೂ ಒಂದೇ ಅಳತೆ, ನಡುವೆ ಒಂದೇ ಅಂತರ, ಕೆಳಗೆ ಹಸಿರು ಪ್ಲಾಸ್ಟಿಕ್ ತೊಟ್ಟು. ನಾನು ಸರಗಳನ್ನೆಲ್ಲ ಕತ್ತರಿಸಿ ಹೂವು ಬಿಡಿಸಿ, ಎರಡು ಅಳತೆ ಬೆರೆಸಿ, ತೊಟ್ಟು ಕಾಣದಂತೆ ಒತ್ತಾಗಿ ಮತ್ತೆ ಪೋಣಿಸುತ್ತೇನೆ. ಇಪ್ಪತ್ತನಾಲ್ಕು ಸರಕ್ಕೆ ಮೂರು ಸಂಜೆ ಹಿಡಿಯಿತು. ಪೋಣಿಸಿದ ಮೇಲೆ ಹದಿನೆಂಟೇ ಸರವಾಯಿತು, ಅಷ್ಟು ಒತ್ತು ಬೇಕು. ತೀರಾ ಬೆಳ್ಳಗಿರುವ ಬಟ್ಟೆ ಮಲ್ಲಿಗೆಯನ್ನು ತೆಳು ಚಹಾ ಡಿಕಾಕ್ಷನ್ನಿನಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆದರೆ ಹಾಲಿನ ಬಣ್ಣಕ್ಕೆ ಇಳಿಯುತ್ತದೆ. ಚೆಂಡು ಹೂವಿನ ಹೊಳಪು ತೆಗೆಯಲು ಏನು ಹಾಕುತ್ತೇನೆ ಎಂಬುದನ್ನು ಮಾತ್ರ ಕೇಳಬೇಡಿ, ಅದನ್ನು ಓರಗಿತ್ತಿಗೂ ಹೇಳಿಲ್ಲ. ಬಿಳಿ ಬಲ್ಬು ತೆಗೆದು ಹಳದಿ ಬೆಳಕಿನ ಬಲ್ಬು ಹಾಕಿ. ಅರ್ಧ ಕೆಲಸ ಅದರಿಂದಲೇ ಆಗುತ್ತದೆ.

ಕ್ರೇಪ್ ಕಾಗದದ ಹೂವನ್ನೂ ಒಂದು ವರ್ಷ ಮಾಡಿದೆ, ಇನ್ನೂರು ಗುಲಾಬಿ. ನೋಡಲು ಎಲ್ಲಕ್ಕಿಂತ ಚೆನ್ನಾಗಿತ್ತು. ಹಬ್ಬದ ಹಿಂದಿನ ರಾತ್ರಿ ಜಿಟಿಜಿಟಿ ಮಳೆ, ಬೆಳಗಾಗುವಷ್ಟರಲ್ಲಿ ತಲೆ ಬಗ್ಗಿಸಿ ನಿಂತಿದ್ದವು. ಕಾಗದದ ಹೂವು ಬೇಸಿಗೆಯ ರಾಮನವಮಿಗೆ ಸರಿ, ಶ್ರಾವಣಕ್ಕಲ್ಲ.

ತೊಳೆಯುವ ವಿಷಯದಲ್ಲಿ ನಾನು ಕಳೆದುಕೊಂಡದ್ದು ಹೆಚ್ಚು. ಮೊದಲ ಸಲ ಎಲ್ಲವನ್ನೂ ಒಂದೇ ಟಬ್ಬಿನಲ್ಲಿ ನೆನೆಹಾಕಿದೆ. ಕೆಂಪು ಗುಲಾಬಿ ಬಣ್ಣ ಬಿಟ್ಟು ಬಿಳಿ ಮಲ್ಲಿಗೆ ಸರಗಳೆಲ್ಲ ಗುಲಾಬಿ ಬಣ್ಣವಾದವು. ಎಂಟುನೂರು ರೂಪಾಯಿಯ ಮಾಲು ಹೋಯಿತು. ಈಗ ಕೊಳ್ಳುವಾಗಲೇ ಒದ್ದೆ ಬಿಳಿ ಕರವಸ್ತ್ರ ಒತ್ತಿ ನೋಡುತ್ತೇನೆ, ಅಂಗಡಿಯವರು ಗೊಣಗಲಿ. ಎರಡನೆಯ ತಪ್ಪು, ಹಬ್ಬದ ವಾರದಲ್ಲಿ ತೊಳೆದದ್ದು. ಮಳೆಗಾಲದಲ್ಲಿ ಹೂವಿನ ನಡುಭಾಗ ಒಣಗುವುದಿಲ್ಲ, ಬೂಸಲು ವಾಸನೆ ಹಿಡಿಯುತ್ತದೆ, ಅಲರ್ಜಿಗೆ ಅದು ಧೂಳಿಗಿಂತ ಕಡಿಮೆಯೇನಲ್ಲ. ಈಗ ಮೇ ತಿಂಗಳಲ್ಲಿ ತೊಳೆಯುತ್ತೇನೆ: ಬೆಚ್ಚಗಿನ ನೀರು, ಎರಡು ಚಮಚ ಬಟ್ಟೆ ತೊಳೆಯುವ ದ್ರಾವಣ, ಹತ್ತೇ ನಿಮಿಷ. ಸರದ ತುದಿ ಹಿಡಿದು ಅದ್ದಿ ಎತ್ತಬೇಕು, ಹಿಂಡಬಾರದು. ಆಮೇಲೆ ಎರಡು ದಿನ ನೆರಳಿನಲ್ಲಿ ಹಗ್ಗಕ್ಕೆ ತೂಗುಹಾಕಬೇಕು, ಬಿಸಿಲಿಗೆ ಕೆಂಪು ಬೇಗ ಮಾಸುತ್ತದೆ. ಪೂರ್ತಿ ಒಣಗಿದೆಯೇ ಎಂದು ತಿಳಿಯಲು ಒಂದು ಹೂವನ್ನು ತುಟಿಗೆ ಒತ್ತಿ ನೋಡಿ, ತಣ್ಣಗಿದ್ದರೆ ಇನ್ನೂ ನೀರಿದೆ. ನಂತರ ಗಟ್ಟಿ ಮುಚ್ಚಳದ ಡಬ್ಬಿ. ಹಳೆಯ ಸೀರೆಯಲ್ಲಿ ಗಂಟು ಕಟ್ಟಿ ಅಟ್ಟಕ್ಕೆ ಹಾಕುವುದು ಬೇಡ. ಡಬ್ಬಿಯನ್ನು ತೆರೆಯುವುದು ಮಹಡಿಯ ಮೇಲೆ, ಮಗಳು ಕಾಲೇಜಿಗೆ ಹೋದ ಮೇಲೆ.

ಬೆಂಕಿಯ ವಿಷಯ ಒಂದೇ ಮಾತು. ದೀಪದ ಜ್ವಾಲೆಯಿಂದ ಎರಡು ಅಡಿಯೊಳಗೆ ಒಂದು ಕೃತಕ ಎಸಳೂ ಇರಬಾರದು. ಹಸಿ ಹೂವು ಕಂದುತ್ತದೆ, ಇದು ಕರಗಿ ಉರಿಯುವ ಹನಿಯಾಗಿ ಕೆಳಗೆ ಬೀಳುತ್ತದೆ. ದೇವಿಯ ಸೀರೆ ಅಲ್ಲಿಯೇ ಇರುತ್ತದೆ. ಆರತಿ ತಟ್ಟೆ ಎತ್ತುವ ಎತ್ತರವನ್ನೂ ಲೆಕ್ಕ ಹಾಕಿ.

ಹಣ. ಕಳೆದ ವರ್ಷ ನಿಜವಾದ ಹೂವಿಗೆ ಕೊಟ್ಟದ್ದು ನೆನಪಿನಿಂದ ಹೇಳುತ್ತೇನೆ: ಎರಡು ಕೆಜಿ ಸೇವಂತಿಗೆ ಆರುನೂರು, ಎರಡು ಮಾರು ಮಲ್ಲಿಗೆ ನಾನೂರು, ಒಂದು ಮಾರು ಕನಕಾಂಬರ ಇನ್ನೂರೈವತ್ತು, ಗುಲಾಬಿ ಇನ್ನೂರು, ಜೋಡಿ ತಾವರೆ ನೂರು, ಎಲೆ ಮತ್ತು ಬಾಳೆಕಂದು ನೂರೈವತ್ತು. ಸಾವಿರದ ಏಳುನೂರರ ಆಸುಪಾಸು. ಅಂದರೆ ವರ್ಷಕ್ಕೆ ನಾಲ್ಕು ಸಾವಿರಕ್ಕೂ ಮಿಗಿಲಾಗಿ ಉಳಿಯುತ್ತದೆ. ಕೃತಕ ಹೂವಿಗೆ ಮೊದಲ ಸಲದ ಐದು ಸಾವಿರ, ಹೆಚ್ಚಿನ ಪಾಲು ದಂಡ. ಎರಡನೆಯ ಸಲ ಮಾಮೂಲುಪೇಟೆಯ ಸಗಟು ಅಂಗಡಿಯಲ್ಲಿ ನಾಲ್ಕೂವರೆ. ಅಲ್ಲಿ ಸರವೊಂದಕ್ಕೆ ನಲವತ್ತೈದು ಬಿತ್ತು, ಬಡಾವಣೆಯ ಅಂಗಡಿಯಲ್ಲಿ ಅದೇ ತೊಂಬತ್ತು. ಎಲ್ಲ ಸೇರಿ ಮೂರನೆಯ ವರ್ಷಕ್ಕೆ ಸರಿದೂಗಿತು, ನನ್ನ ತಪ್ಪುಗಳನ್ನು ಮಾಡದವರಿಗೆ ಎರಡನೆಯ ವರ್ಷಕ್ಕೇ ದೂಗಬೇಕು. ಗೌರಿ ಗಣೇಶ, ಆಯುಧಪೂಜೆ, ದೀಪಾವಳಿಗೂ ಅವೇ ಸರ ನಡೆಯುತ್ತವೆ, ಆ ಉಳಿತಾಯವನ್ನು ಇಲ್ಲಿ ಸೇರಿಸಿಲ್ಲ. ಮೂರ್ನಾಲ್ಕು ವರ್ಷಕ್ಕೊಮ್ಮೆ ಮಾಸಿದವನ್ನು ಬದಲಿಸಲು ಒಂದೂವರೆ ಸಾವಿರ ತೆಗೆದಿಡಿ. ವರ್ಷಕ್ಕೆ ಒಂದೇ ಹಬ್ಬ, ಅದೂ ಸಣ್ಣ ಪೀಠದ ಮೇಲೆ ಮಾಡುವವರು, ಡಬ್ಬಿ ಇಡಲು ಜಾಗವಿಲ್ಲದವರು ಈ ಸಾಹಸಕ್ಕೆ ಇಳಿಯಬೇಡಿ. ಎರಡು ಕೆಜಿ ಸೇವಂತಿಗೆಯಲ್ಲಿ ನಿಮ್ಮ ಮಂಟಪವೇ ತುಂಬುತ್ತದೆ.

ಕಳೆದ ವರ್ಷ ಆಯುಧಪೂಜೆಗೆ ಓರಗಿತ್ತಿ ಒಂದು ಡಬ್ಬಿ ಸರ ಕೇಳಿ ಒಯ್ದಳು. ದೀಪಾವಳಿಗೆ ಮುಂಚೆ ವಾಪಸು ಬಂತು. ಎರಡು ಸರದ ತುದಿ ಕರ್ಪೂರಕ್ಕೆ ಕರಗಿ ಕಪ್ಪಾಗಿತ್ತು, ಒಂದರ ಮೇಲೆ ಕುಂಕುಮದ ನೀರು. ನಾನೇನೂ ಅನ್ನಲಿಲ್ಲ. ಚಹಾದಲ್ಲಿ ಅದ್ದಿದ ಮಲ್ಲಿಗೆಯ ಡಬ್ಬಿಯನ್ನು ಮಾತ್ರ ಅವಳ ಕಣ್ಣಿಗೆ ಬೀಳದಂತೆ ಒಳಗಿನ ಕಪಾಟಿಗೆ ಸೇರಿಸಿದ್ದೇನೆ.